ಕಾಗೆಯ ನಾಲ್ಕು ಸೆಕೆಂಡು

ಕಾಗದದ ಕಾಗೆಯೊಂದು ಬಗ್ಗಿ, ನೆಲದ ಮೇಲಿನ ಕಲ್ಲನ್ನು ಕೊಕ್ಕಿನಲ್ಲಿ ಕಚ್ಚಿ, ತಲೆಯೆತ್ತಿ, ಮಡಕೆಯೊಳಗೆ ಬೀಳಿಸಬೇಕು. ತೆರೆಯ ಮೇಲೆ ಇಷ್ಟಕ್ಕೆ ನಾಲ್ಕು ಸೆಕೆಂಡು ಸಾಕು. ಮೇಜಿನ ಮೇಲೆ ಮಾತ್ರ ಇದೇ ನಾಲ್ಕು ಸೆಕೆಂಡು ಅರ್ಧ ದಿನವನ್ನೇ ನುಂಗಬಹುದು. ರಟ್ಟಿನ ತುಂಡನ್ನು ಕೂದಲೆಳೆಯಷ್ಟು ಸರಿಸುವುದು, ಕೈ ಹಿಂದಕ್ಕೆ ತೆಗೆಯುವುದು, ಮೇಲಿನಿಂದ ನೆಟ್ಟಗೆ ಕೆಳಗೆ ನೋಡುವ ಕ್ಯಾಮೆರಾದಲ್ಲಿ ಒಂದು ಫೋಟೊ ತೆಗೆಯುವುದು, ಮತ್ತೆ ಸರಿಸುವುದು. ಕಟೌಟ್ ಆ್ಯನಿಮೇಶನ್ ಎಂದರೆ ಇಷ್ಟೇ. ಈ ಕೆಲಸಕ್ಕೆ ಕತ್ತರಿ, ಕ್ಯಾಮೆರಾಗಳಷ್ಟೇ ಬೇಕಾದ ಇನ್ನೊಂದು ಸಾಮಾನಿದೆ. ಅದು ಮೇಜಿನ ಪಕ್ಕದಲ್ಲಿ ಕ್ಲಿಪ್ ಹಾಕಿಟ್ಟ ಒಂದು ಹಾಳೆ. ಯಾವ ಫೋಟೊದಲ್ಲಿ ಯಾವ ತುಂಡು ಎಷ್ಟು ಸರಿಯಬೇಕು ಎಂದು ಮೊದಲೇ ಬರೆದಿಟ್ಟ ಲೆಕ್ಕ ಅದರಲ್ಲಿರುತ್ತದೆ. ಸ್ಟುಡಿಯೊಗಳಲ್ಲಿ ಇದನ್ನು ಎಕ್ಸ್‌ಪೋಷರ್ ಶೀಟ್, ಎಕ್ಸ್-ಶೀಟ್ ಅಥವಾ ಡೋಪ್ ಶೀಟ್ ಎನ್ನುತ್ತಾರೆ.

ಹಾಳೆ ಯಾಕೆ ಬೇಕು ಎಂಬುದು ಮೊದಲ ದಿನವೇ ತಿಳಿಯುತ್ತದೆ. ಚಿತ್ರ ಬರೆದು ಮಾಡುವ ಆ್ಯನಿಮೇಶನ್‌ನಲ್ಲಿ ಕಲಾವಿದ ಮೊದಲು ಮುಖ್ಯ ಭಂಗಿಗಳನ್ನು ಬರೆದುಕೊಂಡು, ನಡುವಿನವನ್ನು ಆಮೇಲೆ ತುಂಬಬಹುದು. ಚಲನೆ ಎಡವಿದರೆ ಇನ್ನೆರಡು ಚಿತ್ರ ಸೇರಿಸಿದರಾಯಿತು. ಕಾಗದದ ತುಂಡಿಗೆ ಆ ಅನುಕೂಲವಿಲ್ಲ. ಕಾಗೆಯ ತಲೆಯನ್ನು ಒಂದು ಸಲ ಸರಿಸಿದರೆ ಅದು ಮೊದಲಿದ್ದ ಜಾಗ ಹೋಯಿತು. ಹನ್ನೆರಡನೆಯ ಫೋಟೊ ತೆಗೆದ ಮೇಲೆ ಎಂಟನೆಯದಕ್ಕೂ ಒಂಬತ್ತನೆಯದಕ್ಕೂ ನಡುವೆ ಇನ್ನೊಂದನ್ನು ತೂರಿಸಲು ಹೊರಟರೆ, ತಲೆಯನ್ನು ಕರಾರುವಾಕ್ಕಾಗಿ ಹಳೆಯ ಜಾಗಕ್ಕೆ ತರುವುದು ಹೆಚ್ಚುಕಡಿಮೆ ಆಗದ ಮಾತು. ಹಾಗಾಗಿ ಇಲ್ಲಿ ತಿದ್ದುಪಡಿಗಳೆಲ್ಲ ಪೆನ್ಸಿಲ್ಲು ರಬ್ಬರಿನಲ್ಲೇ, ಶೂಟಿಂಗಿಗೆ ಮುಂಚೆಯೇ ಮುಗಿಯಬೇಕು.

ನಮ್ಮ ತೊಗಲು ಗೊಂಬೆಯಾಟದಲ್ಲೂ ಚಪ್ಪಟೆ ಗೊಂಬೆಗಳಿಗೆ ಕೀಲುಗಳಿವೆ. ಆದರೆ ಅಲ್ಲಿ ಗೊಂಬೆಯಾಡಿಸುವವನ ಕೈ ಪದದ ಲಯದ ಜತೆಗೇ ಓಡುತ್ತದೆ, ಬರೆದುಕೊಳ್ಳುವ ಪ್ರಮೇಯವೇ ಇಲ್ಲ. ಕ್ಯಾಮೆರಾದ ಕೆಳಗೆ ಕೈ ಪ್ರತಿ ಫೋಟೊಗೂ ಹೊರಗೆ ಹೋಗಬೇಕು, ಎರಡು ಫೋಟೊಗಳ ನಡುವೆ ಎರಡು ನಿಮಿಷ ಕಳೆಯಬಹುದು, ನಡುವೆ ಊಟವೂ ಆಗಬಹುದು. ಅಷ್ಟು ಹೊತ್ತು ಲಯವನ್ನು ಮೈಯಲ್ಲಿ ಹಿಡಿದಿಟ್ಟುಕೊಳ್ಳಲಾಗದು. ಹಾಳೆಯಲ್ಲಿಯೇ ಹಿಡಿಯಬೇಕು.

ಸಿನಿಮಾದ ರೂಢಿ ಸೆಕೆಂಡಿಗೆ 24 ಫ್ರೇಮು. ಕಟೌಟ್ ಮಾಡುವವರು ಸಾಮಾನ್ಯವಾಗಿ ಒಂದೊಂದು ಭಂಗಿಯನ್ನೂ ಎರಡೆರಡು ಫ್ರೇಮು ನಿಲ್ಲಿಸುತ್ತಾರೆ, ಅಂದರೆ ಸೆಕೆಂಡಿಗೆ 12 ಬೇರೆ ಬೇರೆ ಫೋಟೊ. ಮನೆಯಲ್ಲಿ ಫೋನಿನ ಆ್ಯಪ್ ಇಟ್ಟುಕೊಂಡು ಮಾಡುವವರಿಗೂ 12 ಸರಿಯಾದ ಸಂಖ್ಯೆ. ಹಾಗಾದರೆ ನಮ್ಮ ಕಾಗೆಗೆ 48 ಫೋಟೊ. ಹಾಳೆಯಲ್ಲಿ 1ರಿಂದ 48ರವರೆಗೆ ಸಾಲು ಎಳೆಯಿರಿ. ಅಡ್ಡಕ್ಕೆ ಕಾಲಂಗಳು: ತಲೆ, ಕೆಳಕೊಕ್ಕು, ಮೈ, ಕಲ್ಲು, ಸದ್ದು. ಕೊನೆಯಲ್ಲಿ ಒಂದು ಅಗಲವಾದ ಖಾಲಿ ಕಾಲಂ, ಅದರ ವಿಷಯ ಆಮೇಲೆ.

ಮೊದಲು ಮಾಡಬೇಕಾದ ಕೆಲಸ ಹಾಳೆಯಲ್ಲಲ್ಲ. ಫೋನಿನ ಸ್ಟಾಪ್‌ವಾಚ್ ಹಿಡಿದು, ಕಾಗೆಯ ಕೆಲಸವನ್ನು ಸ್ವತಃ ಅಭಿನಯಿಸಿ ನೋಡಬೇಕು. ಬಗ್ಗಿ, ಕಚ್ಚಿ, ಎತ್ತಿ, ಬಿಡಿ. ಯಾರಾದರೂ ನೋಡಿದರೆ ನಗುತ್ತಾರೆ, ನಗಲಿ. ಕುಳಿತಲ್ಲೇ ಊಹಿಸಿದ ಹೊತ್ತು ಹೆಚ್ಚಾಗಿ ತಪ್ಪುತ್ತದೆ. ಕೆಲಸವನ್ನು ಮಾಡುವ ಹೊತ್ತನ್ನು ಕಡಿಮೆಯೆಂದೂ, ಸುಮ್ಮನೆ ನಿಂತಿರುವ ಹೊತ್ತನ್ನು ತೀರ ಕಡಿಮೆಯೆಂದೂ ಎಣಿಸುವುದು ಹೊಸಬರೆಲ್ಲರ ಚಾಳಿ. ಅವರ ಗೊಂಬೆಗಳು ಉಸಿರು ತೆಗೆದುಕೊಳ್ಳದೆ ಓಡುತ್ತವೆ.

ಈಗ ತುಂಬೋಣ. 1ರಿಂದ 6 ಕಾಗೆ ಸುಮ್ಮನಿರಲಿ. ಈ ಅರ್ಧ ಸೆಕೆಂಡು ಇಲ್ಲದಿದ್ದರೆ ನೋಡುವವರ ಕಣ್ಣು ಕಾಗೆಯನ್ನು ಹುಡುಕುವಷ್ಟರಲ್ಲಿ ಅದು ಬಗ್ಗಿಯಾಗಿರುತ್ತದೆ. 7, 8ರಲ್ಲಿ ತಲೆ ಕೆಳಗೆ ಹೋಗುವುದಿಲ್ಲ, ಮೂರು ಮೂರು ಡಿಗ್ರಿ ಮೇಲಕ್ಕೆ ಹೋಗುತ್ತದೆ. ನೆಗೆಯುವವನು ಮೊದಲು ಮಂಡಿ ಮಡಿಸುವಂತೆ, ಯಾವ ಜೋರು ಚಲನೆಗೂ ಮುಂಚೆ ಅದರ ವಿರುದ್ಧ ದಿಕ್ಕಿಗೆ ಒಂದು ಸಣ್ಣ ಸಿದ್ಧತೆ ಬೇಕು. ಪ್ರೇಕ್ಷಕರು ಇದನ್ನು ಗುರುತಿಸುವುದಿಲ್ಲ, ಆದರೆ ಇಲ್ಲದಿದ್ದಾಗ ಕಾಗೆಯನ್ನು ಯಾರೋ ದಾರದಿಂದ ಎಳೆದಂತೆ ಅನ್ನಿಸುತ್ತದೆ.

9ರಿಂದ 14ರವರೆಗಿನ ಆರು ಫೋಟೊಗಳಲ್ಲಿ ತಲೆ ಒಟ್ಟು 66 ಡಿಗ್ರಿ ಇಳಿಯಬೇಕು. ಈ ಕಲೆಯ ಮುಖ್ಯ ಗುಟ್ಟು ಇಲ್ಲಿದೆ. 66ನ್ನು ಆರರಿಂದ ಭಾಗಿಸಿ, ಪ್ರತಿ ಸಲ ಹನ್ನೊಂದು ಎಂದು ಬರೆಯುವುದು ಲೆಕ್ಕಕ್ಕೆ ಸರಿ, ಕಣ್ಣಿಗೆ ತಪ್ಪು. ಸಮ ಸಮ ಹೆಜ್ಜೆಯ ಚಲನೆ ಗಡಿಯಾರದ ಮುಳ್ಳಿನಲ್ಲಿ ಚೆಂದ, ಜೀವವಿರುವುದರಲ್ಲಿ ಅಲ್ಲ. ತೂಕವಿರುವ ವಸ್ತು ನಿಧಾನವಾಗಿ ಹೊರಟು, ನಡುವೆ ವೇಗ ಪಡೆದು, ನಿಲ್ಲುವ ಮುಂಚೆ ಮತ್ತೆ ನಿಧಾನಿಸುತ್ತದೆ. ಆದ್ದರಿಂದ ಹಾಳೆಯಲ್ಲಿ 4, 12, 18, 18, 10, 4 ಎಂದು ಬರೆಯುತ್ತೇವೆ. ಕೂಡಿದರೆ ಅದೇ 66.

15ರಿಂದ 18 ತಲೆ ಕೆಳಗೇ ಇರುತ್ತದೆ. 15ರಲ್ಲಿ ಕೊಕ್ಕು ತೆರೆದು, 17ರಲ್ಲಿ ಕಲ್ಲಿನ ಮೇಲೆ ಮುಚ್ಚುತ್ತದೆ. 19ರಿಂದ ಏರು. ಇಳಿಯಲು ಆರು ಫೋಟೊ ಕೊಟ್ಟಿದ್ದೆವು, ಏರಲು ಎಂಟು ಕೊಡಬೇಕು, ಏಕೆಂದರೆ ಈಗ ಬಾಯಲ್ಲಿ ಕಲ್ಲಿದೆ. 2, 4, 8, 12, 14, 12, 6, 2. ಒಟ್ಟು 60, ಅಂದರೆ ತಲೆ ಮೊದಲಿನ ಜಾಗಕ್ಕೆ ಬಂತು. ಕಲ್ಲು ನಿಜಕ್ಕೂ ಬೂದು ಕಾಗದದ ಚೂರು, ಉಫ್ ಎಂದರೆ ಹಾರಿಹೋದೀತು. ಅದಕ್ಕೆ ಭಾರ ಬರುವುದು ಆ ಎರಡು ಹೆಚ್ಚಿನ ಫೋಟೊಗಳಿಂದ ಮತ್ತು ಹೊರಡುವಾಗಿನ 2, 4ರ ತಿಣುಕಾಟದಿಂದ. ಎಂಟರ ಬದಲು ಹನ್ನೆರಡು ಕೊಟ್ಟರೆ ಕಲ್ಲು ಇನ್ನೂ ಭಾರವಾಗುತ್ತದೆ, ನಾಲ್ಕು ಕೊಟ್ಟರೆ ಕಡಲೆಬೀಜವಾಗುತ್ತದೆ.

27ರಿಂದ 30 ಇಡೀ ಮೈ ಮೂರು ಮೂರು ಡಿಗ್ರಿ ಮುಂದಕ್ಕೆ ಬಾಗಿ, ಕೊಕ್ಕು ಮಡಕೆಯ ಬಾಯಿಯ ಮೇಲೆ ಬರುತ್ತದೆ. 33ರವರೆಗೆ ಹಾಗೇ ನಿಲ್ಲುತ್ತದೆ. 34ರಲ್ಲಿ ಕೊಕ್ಕು ತೆರೆಯುತ್ತದೆ, ಕಲ್ಲು ಇನ್ನೂ ಅಲ್ಲೇ ಇದೆ. 35, 36, 37ರಲ್ಲಿ ಅದು 2, 6, 10 ಮಿಲಿಮೀಟರು ಬೀಳುತ್ತದೆ. ಬೀಳುವ ವಸ್ತು ಸಮಾನ ಕಾಲದ ತುಣುಕುಗಳಲ್ಲಿ ಒಂದು, ಮೂರು, ಐದು, ಏಳರ ಪ್ರಮಾಣದಲ್ಲಿ ದೂರ ಕ್ರಮಿಸುತ್ತದೆ ಎಂದು ಗೆಲಿಲಿಯೊ ತೋರಿಸಿದ್ದು ಇಲ್ಲಿ ಹಾಗೇ ಉಪಯೋಗಕ್ಕೆ ಬರುತ್ತದೆ. 38ರಲ್ಲಿ ಕಲ್ಲು ಮಡಕೆಯ ಹಿಂದೆ ಸರಿದು ಮಾಯ. 39ರಿಂದ 42 ತಲೆ ಸ್ವಲ್ಪ ಸ್ವಲ್ಪವೇ ಬಾಗಿ ಒಳಗೆ ಇಣುಕುತ್ತದೆ, 48ರವರೆಗೆ ಇಣುಕುತ್ತಲೇ ಇರುತ್ತದೆ.

ಸಣ್ಣ ಕೊಕ್ಕಿನ ಮೇಲೆ ಪ್ರತಿ ಸಲ ಕೋನಮಾಪಕ ಇಟ್ಟು ಅಳೆಯುವವರು ಯಾರೂ ಇಲ್ಲ. ಹಾಳೆಯ ಅಂಕಿಗಳನ್ನು ಮೊದಲೇ ಒಂದು ಪಾರದರ್ಶಕ ಪ್ಲಾಸ್ಟಿಕ್ ಶೀಟಿಗೆ ಇಳಿಸಿಕೊಳ್ಳುತ್ತಾರೆ. ಕೊಕ್ಕಿನ ತುದಿ ಸಾಗುವ ಕಮಾನನ್ನು ಅದರ ಮೇಲೆ ಬರೆದು, ಸಣ್ಣ ಗೀಟು ಹಾಕಿ, ಪಕ್ಕದಲ್ಲಿ ಫೋಟೊ ಸಂಖ್ಯೆ ನಮೂದಿಸುತ್ತಾರೆ. ಶೀಟನ್ನು ಬೊಂಬೆಯ ಮೇಲೆ ಇಳಿಸಿ, ತುದಿಯನ್ನು ಗೀಟಿಗೆ ಕೂರಿಸಿ, ಶೀಟನ್ನು ಪಕ್ಕಕ್ಕೆ ಎತ್ತಿ ಫೋಟೊ ತೆಗೆಯುತ್ತಾರೆ. ಗೀಟುಗಳು ಕಮಾನಿನ ಎರಡು ತುದಿಗಳಲ್ಲಿ ಒತ್ತೊತ್ತಾಗಿ, ನಡುವೆ ವಿರಳವಾಗಿ ಕಂಡರೆ ಲೆಕ್ಕ ಸರಿಯಾಗಿದೆ. ಎಲ್ಲವೂ ಒಂದೇ ಅಂತರದಲ್ಲಿದ್ದರೆ ಒಂದೂ ಫೋಟೊ ತೆಗೆಯುವ ಮುಂಚೆಯೇ ತಪ್ಪು ಕೈಗೆ ಸಿಕ್ಕಿತು. ಹಿಂದಿನ ಫೋಟೊವನ್ನು ಪರದೆಯ ಮೇಲೆ ಮಸುಕಾಗಿ ತೋರಿಸುವ ಸಾಫ್ಟ್‌ವೇರ್‌ಗಳು ಈಗಿವೆ. ಅವು ಹಿಂದೆ ಎಲ್ಲಿದ್ದೆವು ಎನ್ನುತ್ತವೆ, ಮುಂದೆ ಎಲ್ಲಿಗೆ ಎಂದು ಹೇಳುವುದಿಲ್ಲ.

ಇನ್ನು ಹಾಳೆಯ ಖಾಲಿ ಮನೆಗಳ ವಿಷಯ. ತಲೆ ಚಲಿಸುತ್ತಿರುವಾಗ ಮೈಯ ಕಾಲಂನಲ್ಲಿ ಏನು ಬರೆಯಬೇಕು? ಏನೂ ಬರೆಯದೆ ಬಿಟ್ಟರೆ ಅದು ‘ಅಲುಗಿಸಬೇಡ’ ಎಂದೋ ‘ಬರೆಯಲು ಮರೆತೆ’ ಎಂದೋ ಮೂರು ಗಂಟೆಯ ನಂತರ ಗೊತ್ತಾಗುವುದಿಲ್ಲ. ಅದಕ್ಕೇ ನಿಂತಿರುವ ತುಂಡಿನ ಕಾಲಂನಲ್ಲಿ ಮೇಲಿನಿಂದ ಕೆಳಕ್ಕೆ ಒಂದು ಉದ್ದ ಗೀಟು ಎಳೆಯುವ ಪದ್ಧತಿ. ಗೀಟಿದ್ದರೆ ಮುಟ್ಟಬಾರದು. ಗೀಟೂ ಅಂಕಿಯೂ ಇಲ್ಲದ ಮನೆ ಕಂಡರೆ ಶೂಟಿಂಗ್ ಶುರುಮಾಡಲೇಬಾರದು. ನಿಂತಿದೆಯೆಂದು ಒಂದೇ ಫೋಟೊವನ್ನು ಆರು ಸಲ ನಕಲು ಮಾಡಿ ಹಾಕುವುದೂ ಬೇಡ. ಆರು ಬೇರೆ ಫೋಟೊಗಳಲ್ಲಿ ಬೆಳಕಿನ ಕಾಣದಷ್ಟು ಏರಿಳಿತ ಉಳಿದಿರುತ್ತದೆ. ನಕಲಿನಲ್ಲಿ ಅದು ಸತ್ತು, ಚಿತ್ರ ತಟಕ್ಕನೆ ಹೆಪ್ಪುಗಟ್ಟಿದ್ದು ಕಾಣುತ್ತದೆ.

ಕೊನೆಯ ಅಗಲವಾದ ಕಾಲಂ ನಡೆದದ್ದನ್ನು ಬರೆಯಲು. ಪ್ರತಿ ಫೋಟೊ ತೆಗೆದ ಮೇಲೆ ಅಲ್ಲಿ ಒಂದು ಟಿಕ್. ತೆಗೆದ ಮೇಲೆ, ಮುಂಚೆ ಅಲ್ಲ. ಮುಂಚೆ ಹಾಕುವ ಅಭ್ಯಾಸವಿದ್ದವರು ನಡುವೆ ಬಾಗಿಲು ತೆರೆಯಲು ಎದ್ದು ಹೋಗಿ ಬಂದ ಮೇಲೆ 22 ತೆಗೆದಿದ್ದೇನೋ ಇಲ್ಲವೋ ಎಂದು ತಲೆ ಕೆರೆದುಕೊಳ್ಳಬೇಕಾಗುತ್ತದೆ. ಒಂದು ಫೋಟೊ ತಪ್ಪಿದರೆ ಏರುವ ತಲೆ ಅಲ್ಲಿ ಚಿಮ್ಮುತ್ತದೆ, ಒಂದು ಹೆಚ್ಚಾದರೆ ತೊದಲುತ್ತದೆ. ಮೊಣಕೈ ತಾಗಿ ಮಡಕೆ ಅಲುಗಿದರೂ ಅದೇ ಕಾಲಂನಲ್ಲಿ ‘31, ಮಡಕೆ ಎಡಕ್ಕೆ’ ಎಂಬ ಟಿಪ್ಪಣಿ. ಸಂಕಲನದ ಹೊತ್ತಿಗೆ ಅಲ್ಲೇ ಕತ್ತರಿಸಿ ಮಡಕೆಯ ಹತ್ತಿರದ ಚಿತ್ರಕ್ಕೆ ಹಾರಬಹುದು, ಆಗ ಅಲುಗಿದ್ದು ಯಾರಿಗೂ ತಿಳಿಯದು.

ಕಾಗದ ಕತ್ತರಿಸಿ ಸಿನಿಮಾ ಮಾಡಿದವರಲ್ಲಿ ಮೊದಲ ಸಾಲಿನ ಹೆಸರು ಜರ್ಮನಿಯ ಲೊಟ್ಟೆ ರೈನಿಗರ್ ಅವರದು. ಬ್ಯಾಂಕರ್ ಒಬ್ಬರು ಪಾಟ್ಸ್‌ಡಾಮ್‌ನಲ್ಲಿ ತಮ್ಮ ಗ್ಯಾರೇಜಿನ ಮೇಲೆ ಮಾಡಿಕೊಟ್ಟ ಸ್ಟುಡಿಯೊದಲ್ಲಿ, 1923ರಿಂದ 1926ರವರೆಗೆ ಆಕೆ ಅರೇಬಿಯನ್ ಕಥೆಗಳ ‘ರಾಜಕುಮಾರ ಅಹ್ಮದ್’ ಚಿತ್ರ ಮಾಡಿದರು. ರಟ್ಟು ಮತ್ತು ಸೀಸದ ತಗಡಿನಿಂದ ಕತ್ತರಿಸಿ, ತಂತಿಯಿಂದ ಕೀಲು ಹಾಕಿದ ಕಪ್ಪು ಆಕೃತಿಗಳು ಕೆಳಗಿನಿಂದ ಬೆಳಕು ಬಿಟ್ಟ ಗಾಜಿನ ಮೇಲೆ ಮಲಗಿರುತ್ತಿದ್ದವು. ಕ್ಯಾಮೆರಾದ ಹೊಣೆ ಗಂಡ ಕಾರ್ಲ್ ಕೋಹ್ ಅವರದು. ಅದು ಮೂಕಿಚಿತ್ರಗಳ ಕಾಲ. ಮುಂದೆ ಮಾತು, ಹಾಡು ಬಂದಾಗ ಲೆಕ್ಕ ತಿರುವುಮುರುವಾಯಿತು. 1935ರ ‘ಪಾಪಗೇನೊ’ದಲ್ಲಿ ಆಕೆಯ ಆಕೃತಿಗಳು ಮೊಝಾರ್ಟ್‌ನ ಸಂಗೀತಕ್ಕೆ ಕುಣಿಯುತ್ತವೆ. ಹೀಗೆ ಸಂಗೀತ ಮೊದಲೇ ಇರುವಾಗ ಅದರ ಪ್ರತಿ ತಾಳ ಎಷ್ಟನೆಯ ಫ್ರೇಮಿನಲ್ಲಿ ಬೀಳುತ್ತದೆ ಎಂದು ಎಣಿಸಿ, ಹಾಳೆಯ ಸದ್ದಿನ ಕಾಲಂ ತುಂಬಿದ ಮೇಲೆಯೇ ಕೈಕಾಲುಗಳ ಕಾಲಂಗೆ ಬರಬೇಕು.

ಬೊಂಬೆ ಮಾತಾಡುವುದಿದ್ದರೂ ಹಾಗೆಯೇ. ಮೊದಲು ಮಾತನ್ನು ಮುದ್ರಿಸಿ, ಕಂಪ್ಯೂಟರಿನಲ್ಲಿ ಅಕ್ಷರ ಅಕ್ಷರವಾಗಿ ಎಳೆದು ಕೇಳಿ, ಬಾಯಿಯ ಆಕಾರಗಳನ್ನು ಫ್ರೇಮ್ ಸಂಖ್ಯೆಯ ಎದುರು ಬರೆಯಬೇಕು. ಎಲ್ಲ ಅಕ್ಷರಕ್ಕೂ ಬಾಯಿ ಬೇಕಿಲ್ಲ, ಆರೇಳು ಕಾಗದದ ಬಾಯಿಗಳಲ್ಲಿ ಕೆಲಸ ಸಾಗುತ್ತದೆ. ಆದರೆ ತುಟಿ ಮುಚ್ಚುವ ಪ, ಬ, ಮಗಳನ್ನು ತಪ್ಪಿಸುವ ಹಾಗಿಲ್ಲ, ಅವು ತಪ್ಪಿದರೆ ಮಾತು ಬೇರೆ ಬಾಯಿ ಬೇರೆ ಎಂದು ಮಕ್ಕಳೂ ಹಿಡಿಯುತ್ತಾರೆ. ‘ಅಪ್ಪ’, ‘ಅಮ್ಮ’ಗಳಂಥ ಒತ್ತಿನ ಕಡೆ ಮುಚ್ಚಿದ ಬಾಯಿಗೆ ಇನ್ನೊಂದು ಫೋಟೊ ಹೆಚ್ಚೇ ಕೊಡಬೇಕು.

ನಮ್ಮ ಕಾಗೆ ಮಾತಾಡುವುದಿಲ್ಲ, ಅದರ ಸದ್ದಿನ ಕಾಲಂನಲ್ಲಿ ಇರುವುದು 38ರ ಎದುರು ಬರೆದ ‘ಗುಳುಂ’ ಒಂದೇ. ಸೆಕೆಂಡಿಗೆ 12ರಂತೆ ಆ ಫೋಟೊ ಮೂರು ಸೆಕೆಂಡು ದಾಟಿದ ಕೂಡಲೇ ಬರುತ್ತದೆ. ಸದ್ದು ಸೇರಿಸುವವರು ಚಿತ್ರವನ್ನು ಹಿಂದೆ ಮುಂದೆ ಓಡಿಸಿ ಹುಡುಕುತ್ತ ಕೂರಬೇಕಿಲ್ಲ. ಹಾಳೆ ನೋಡಿ, 38ಕ್ಕೆ ಹೋಗಿ, ಬಕೆಟ್ಟಿನಲ್ಲಿ ಕಲ್ಲು ಬೀಳಿಸಿ ಮುದ್ರಿಸಿಟ್ಟ ಸದ್ದನ್ನು ಅಲ್ಲಿ ಕೂರಿಸುತ್ತಾರೆ.