ಚಾರ್ಟಿನೊಳಗೆ ನುಸುಳಿದ ‘ಒಟ್ಟು’

ಒಂದು ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿ ಆಡಳಿತ ಮಂಡಳಿಯ ಸಭೆಗೆಂದು ಎಕ್ಸೆಲ್‌ನಲ್ಲಿ ಲೆಕ್ಕ ಹಾಕಿದ್ದಾರೆ ಎಂದುಕೊಳ್ಳಿ. A ಕಾಲಂನಲ್ಲಿ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಆರು ತಿಂಗಳು, B ಮತ್ತು C ಕಾಲಂಗಳಲ್ಲಿ ಎರಡು ವರ್ಷ ಸಂಗ್ರಹವಾದ ಹಾಲಿನ ಲೀಟರು. ಮೊದಲ ಸಾಲಿನಲ್ಲಿ ‘ತಿಂಗಳು’, 2023, 2024 ಎಂಬ ಶೀರ್ಷಿಕೆಗಳು. ಎಂಟನೆಯ ಸಾಲಿನಲ್ಲಿ ‘ಒಟ್ಟು’: 26,400 ಮತ್ತು 27,400. ಲೆಕ್ಕದಲ್ಲಿ ಒಂದಿಷ್ಟೂ ತಪ್ಪಿಲ್ಲ.

ಯಾವುದೋ ಒಂದು ಸೆಲ್ ಮೇಲೆ ಕ್ಲಿಕ್ ಮಾಡಿ ಕಂಬದ ಚಾರ್ಟ್ ಹಾಕಿದರೆ ಆರು ತಿಂಗಳ ಬದಲು ಎಂಟು ಜೋಡಿ ಕಂಬಗಳು ನಿಲ್ಲುತ್ತವೆ. ಬಲತುದಿಯ ‘ಒಟ್ಟು’ ಮುಗಿಲು ಮುಟ್ಟಿರುತ್ತದೆ. ಉಳಿದವು ಅದರ ಕಾಲ ಬುಡದಲ್ಲಿ ಕುಕ್ಕರಿಸಿರುತ್ತವೆ. 2024ರ ಮೇ ತಿಂಗಳ 3,600 ಲೀಟರಿಗೂ ಆಗಸ್ಟ್‌ನ 5,100 ಲೀಟರಿಗೂ ಇರುವ ಅಂತರ ಮಂಡಳಿಗೆ ನಿಜವಾಗಿ ಬೇಕಾದ ಸಂಗತಿ. ಆದರೆ ಅಳತೆಗೋಲು 30,000ದವರೆಗೆ ಏರಿರುವುದರಿಂದ ಆ ಅಂತರ ಚಾರ್ಟಿನ ಎತ್ತರದ ಇಪ್ಪತ್ತರಲ್ಲೊಂದು ಪಾಲಷ್ಟೇ.

‘ಒಟ್ಟು’ ಕಂಬ ಯಾರ ಕಣ್ಣಿಗಾದರೂ ಬೀಳುತ್ತದೆ. ಮೋಸ ಹೋಗುವುದು ಎಡತುದಿಯಲ್ಲಿ. ಅಲ್ಲಿರುವ ಮೋಟು ಕಂಬಗಳು 2023 ಮತ್ತು 2024. ಅವು ಲೀಟರುಗಳಲ್ಲ, ಇಸವಿಗಳು! ಹಾಲು ಕಡಿಮೆ ಬಂದ ತಿಂಗಳೆಂದೇ ನೋಡುವವರು ತಿಳಿಯಬಹುದು. ಅನುಮಾನ ಪಡಲು ಇನ್ನೊಂದು ಗುರುತೂ ಇದೆ: ಬಣ್ಣಗಳ ವಿವರಣೆಯಲ್ಲಿ ಇಸವಿಯ ಬದಲು Series1, Series2 ಎಂದು ಬಂದಿರುತ್ತದೆ.

ಒಂದೇ ಸೆಲ್ ಆರಿಸಿದಾಗ ಖಾಲಿ ಸಾಲು ಅಥವಾ ಖಾಲಿ ಕಾಲಂ ಸಿಗುವವರೆಗೂ ಇರುವುದೆಲ್ಲವನ್ನೂ ಎಕ್ಸೆಲ್ ಬಾಚಿಕೊಳ್ಳುತ್ತದೆ. ‘ಒಟ್ಟು’ ಒಳಗೆ ಬಂದದ್ದು ಹಾಗೆ. ಮೊದಲ ಸಾಲಿನಲ್ಲಿ ಅಕ್ಷರಗಳಿದ್ದರೆ ಅದು ಶೀರ್ಷಿಕೆಯೆಂದು ಎಕ್ಸೆಲ್ ಊಹಿಸುತ್ತದೆ. ಅಂಕಿಗಳಿದ್ದರೆ ದತ್ತಾಂಶವೇ ಇರಬೇಕೆಂದು ಭಾವಿಸುತ್ತದೆ. ಇಸವಿ ಶೀರ್ಷಿಕೆಯಾದಾಗ ಈ ಊಹೆ ಎಡವುತ್ತದೆ.

ತಪ್ಪು ಎಲ್ಲಿದೆಯೆಂದು ಕಣ್ಣಾರೆ ನೋಡಲು ಒಂದು ಕಂಬದ ಮೇಲೆ ಕ್ಲಿಕ್ ಮಾಡಿ, ಮೇಲಿನ ಫಾರ್ಮುಲಾ ಪಟ್ಟಿಯನ್ನು ಗಮನಿಸಬೇಕು. ಅಲ್ಲಿ ಹೀಗಿರುತ್ತದೆ:

```
=SERIES(,Sheet1!$A$1:$A$8,Sheet1!$B$1:$B$8,1)
```

ಮೊದಲ ಜಾಗ ಸರಣಿಯ ಹೆಸರಿನದು, ಅದು ಖಾಲಿ. ಎರಡನೆಯದು ತಿಂಗಳುಗಳ ವ್ಯಾಪ್ತಿ, ಮೂರನೆಯದು ಲೀಟರುಗಳದು. ಎರಡೂ 1ರಿಂದ 8ರವರೆಗೆ ಹರಡಿವೆ. ಅಲ್ಲಿಯೇ ಹೀಗೆ ತಿದ್ದಿ ಎಂಟರ್ ಒತ್ತಬಹುದು:

```
=SERIES(Sheet1!$B$1,Sheet1!$A$2:$A$7,Sheet1!$B$2:$B$7,1)
```

C ಕಾಲಂನ ಸರಣಿಗೂ ಇದೇ ಚಿಕಿತ್ಸೆ. ಫಾರ್ಮುಲಾ ಕಂಡರೆ ಅಳುಕುವವರು ಚಾರ್ಟಿನ ಮೇಲೆ ಬಲ ಕ್ಲಿಕ್ ಮಾಡಿ Select Data ತೆರೆಯಲಿ. ಎಡಭಾಗದಲ್ಲಿ ಸರಣಿಯನ್ನು ಆರಿಸಿ Edit ಒತ್ತಿದರೆ Series name ಮತ್ತು Series values ಸಿಗುತ್ತವೆ; ತಿಂಗಳುಗಳ ವ್ಯಾಪ್ತಿ ಬಲಭಾಗದ Edit ಒಳಗಿದೆ. ಮೂರನ್ನೂ ಮುಟ್ಟಲೇಬೇಕು. ತಿಂಗಳುಗಳನ್ನು A2ರಿಂದ ತಿದ್ದಿ ಲೀಟರುಗಳನ್ನು B1ರಲ್ಲೇ ಬಿಟ್ಟರೆ ಇಸವಿಯ ಕಂಬಕ್ಕೆ ಏಪ್ರಿಲ್ ಎಂಬ ಹೆಸರು ಬೀಳುತ್ತದೆ, ಏಪ್ರಿಲ್‌ನ ಹಾಲು ಮೇ ತಿಂಗಳ ಲೆಕ್ಕಕ್ಕೆ ಜಾರುತ್ತದೆ. ಮೊದಲಿನದಕ್ಕಿಂತ ಇದು ಕೆಟ್ಟ ತಪ್ಪು, ಏಕೆಂದರೆ ಚಾರ್ಟ್ ಈಗ ಸರಿಯಾಗಿಯೇ ಇರುವಂತೆ ತೋರುತ್ತದೆ.

ಸರಿಪಡಿಸಿದ ಮೇಲೆ ಅಳತೆಗೋಲು 6,000ಕ್ಕೆ ಇಳಿಯುತ್ತದೆ. ಮೇ ಮತ್ತು ಆಗಸ್ಟ್‌ಗಳ ನಡುವಿನ ಅಂತರ ಚಾರ್ಟಿನ ಎತ್ತರದ ಕಾಲು ಭಾಗವಾಗಿ ಎದ್ದು ಕಾಣುತ್ತದೆ.

‘ಒಟ್ಟು’ ಸಾಲನ್ನು ಹೈಡ್ ಮಾಡುವವರೂ ಇದ್ದಾರೆ. ಹೈಡ್ ಆದ ಸಾಲನ್ನು ಎಕ್ಸೆಲ್ ಸಾಮಾನ್ಯವಾಗಿ ಚಾರ್ಟಿಗೆ ತರುವುದಿಲ್ಲ, ನಿಜ; ಆದರೆ ಹಾಳೆಯಿಂದಲೂ ಮೊತ್ತ ಮಾಯವಾಗುತ್ತದೆ. ಅದಕ್ಕಿಂತ ಚಾರ್ಟ್ ಹಾಕುವ ಮೊದಲೇ A1 ಸೆಲ್ ಅನ್ನು ಖಾಲಿ ಬಿಟ್ಟು, A1ರಿಂದ C7ರವರೆಗೆ ಮಾತ್ರ ಆರಿಸುವುದು ಮೇಲು. ಮೂಲೆ ಖಾಲಿಯಿದ್ದರೆ ಅಂಕಿಯ ಶೀರ್ಷಿಕೆಯನ್ನೂ ಎಕ್ಸೆಲ್ ಶೀರ್ಷಿಕೆಯೆಂದೇ ಒಪ್ಪುತ್ತದೆ. ಪ್ರತಿ ತಿಂಗಳೂ ಸಾಲು ಸೇರಿಸುವವರಿಗೆ Ctrl+T ಒತ್ತಿ ಪಟ್ಟಿಯನ್ನು ಟೇಬಲ್ ಮಾಡಿಕೊಳ್ಳುವುದೇ ಬಾಳಿಕೆಯ ದಾರಿ: ಟೇಬಲ್‌ನ ಶೀರ್ಷಿಕೆಗಳು ತಾವಾಗಿ ಪಠ್ಯವಾಗುತ್ತವೆ, ಹೊಸ ಸಾಲು ಸೇರಿದಂತೆ ಚಾರ್ಟೂ ಬೆಳೆಯುತ್ತದೆ. ಆದರೆ ಕೈಯಾರೆ ಬರೆದ ‘ಒಟ್ಟು’ ಸಾಲನ್ನು ಮೊದಲು ಅಳಿಸಿ, ಟೇಬಲ್‌ನದೇ Total Row ಬಳಸಬೇಕು.

ಗೂಗಲ್ ಶೀಟ್ಸ್ ಬಳಸುವವರು ಚಾರ್ಟ್ ಎಡಿಟರ್‌ನ Setup ವಿಭಾಗದಲ್ಲಿ Data range ಅನ್ನು A1:C7 ಎಂದು ತಿದ್ದಿ, Use row 1 as headers ಎಂಬಲ್ಲಿ ಗುರುತು ಹಾಕಿದರೆ ಸಾಕು.

ಪೈ ಚಾರ್ಟ್ ಹಾಕಿದವರು ಒಂದು ತುಂಡು ಸರಿಯಾಗಿ ಅರ್ಧ ವೃತ್ತವನ್ನು ನುಂಗಿದೆಯೇ ಎಂದು ಮೊದಲು ನೋಡಲಿ. ಮೊತ್ತವೂ ಸೇರಿಕೊಂಡಾಗ ಪ್ರತಿ ತಿಂಗಳ ಪಾಲೂ ಅರ್ಧಕ್ಕಿಳಿಯುತ್ತದೆ: 2023ರ ಮೇ ತಿಂಗಳ ಸುಮಾರು ಶೇ 15ರ ಪಾಲು ಶೇ 7 ಎಂದು ಕಾಣುತ್ತದೆ.