ಕ್ರಿಯಾಪದ ಬರುವವರೆಗೆ ಬೆರಳು ಕಾಯಲಿ

ತರಕಾರಿ ಅಂಗಡಿಯಲ್ಲಿ ಯುಪಿಐ ಮೂಲಕ 120 ರೂಪಾಯಿ ಕೊಡುವುದನ್ನು ಡೆಮೊ ವಿಡಿಯೊದಲ್ಲಿ ತೋರಿಸಬೇಕು ಎಂದುಕೊಳ್ಳಿ. ಸ್ಕ್ರಿಪ್ಟಿನ ಪ್ರತಿ ಸಾಲಿಗೂ ಮೂರು ಭಾಗ: ಹೇಳುವ ಮಾತು, ಆಗ ಕಾಣುವ ಪರದೆಯ ಮಾದರಿ, ಬೆರಳು ಒತ್ತುವ ಜಾಗ.

ಮೊದಲ ಮಾತು, “ಕೆಳಗಿನ ಸ್ಕ್ಯಾನ್ ಗುಂಡಿಯನ್ನು ಒತ್ತಿ.” ‘ಸ್ಕ್ಯಾನ್’ ಎಂದು ಕೇಳುವಾಗಲೇ ಗುಂಡಿಯ ಸುತ್ತ ಬಳೆಯೊಂದು ಮೂಡಬೇಕು. ‘ಒತ್ತಿ’ ಎಂದಾಗ ಆ ಬಳೆ ಕುಗ್ಗಬೇಕು. ಅರೆಕ್ಷಣ ಮೌನ, ಆಮೇಲೆ ಕ್ಯಾಮೆರಾ ಪರದೆ. ಇಂಗ್ಲಿಷಿನಲ್ಲಿ ‘ಒತ್ತಿ’ ಎಂಬುದು ಮೊದಲೇ ಬರುತ್ತದೆ, ಕನ್ನಡದಲ್ಲಿ ಕೊನೆಗೆ. ಹಾಗಾಗಿ ಇಂಗ್ಲಿಷ್ ವಿಡಿಯೊಗೆ ಕನ್ನಡ ದನಿಯನ್ನಷ್ಟೇ ಕೂರಿಸಿದರೆ ಮಾತು ಮುಗಿಯುವ ಮೊದಲೇ ಪರದೆ ಬದಲಾಗಿಬಿಡುತ್ತದೆ. ಹೊಸಬರು ದಾರಿ ತಪ್ಪುವುದು ಇಲ್ಲೇ. ಬಳೆಯ ಸಮಯವನ್ನು ಕನ್ನಡ ವಾಕ್ಯಕ್ಕೇ ಹೊಂದಿಸಬೇಕು.

ಪಿನ್ ಹಾಕುವ ಹಂತಕ್ಕೆ ಚಿತ್ರ ಬರೆಸಲೇಬೇಕು. ಇಂಥ ಪರದೆಯನ್ನು ಫೋನಿನಲ್ಲೇ ರೆಕಾರ್ಡ್ ಮಾಡಹೊರಟರೆ ಸಾಮಾನ್ಯವಾಗಿ ಕಪ್ಪಾಗಿ ಬರುತ್ತದೆ, ಅದು ಸುರಕ್ಷತೆಯ ಏರ್ಪಾಡು. ಮಾದರಿಯಲ್ಲಿ ಚುಕ್ಕಿಗಳನ್ನಷ್ಟೇ ತೋರಿಸಿ, ಯಾವ ಅಂಕಿಯ ಮೇಲೂ ಬಳೆ ಬೇಡ. ಕ್ಯೂಆರ್ ಚೌಕವೂ ನಿಜವಾದದ್ದಾಗಬಾರದು, ನೋಡುಗರು ಸ್ಕ್ಯಾನ್ ಮಾಡಿ ಯಾರಿಗೋ ಹಣ ಕಳಿಸಿಯಾರು.

ಪರೀಕ್ಷೆ ಎರಡು ಬಾರಿ. ದನಿ ಆರಿಸಿ ನೋಡಿದಾಗ ಎಲ್ಲಿ ಒತ್ತಬೇಕೆಂದು ತಿಳಿಯಬೇಕು. ಕಣ್ಣು ಮುಚ್ಚಿ ಕೇಳಿದಾಗ ‘ಇಲ್ಲಿ’, ‘ಇದನ್ನು’ ಎಂಬ ಮಾತುಗಳು ಸಿಕ್ಕರೆ, ಅಲ್ಲೆಲ್ಲ ಗುಂಡಿಯ ಹೆಸರನ್ನೇ ಬರೆಯಿರಿ.