ಏಜೆನ್ಸಿ ಹೋಯ್ತು, ಪಿಎಫ್ ಎಲ್ಲಿ ಹೋಯ್ತು?

(ಕೇಳೋಕೆ ಆಗದವರಿಗಾಗಿ ಈ ಸಂಚಿಕೆಯ ಬರಹ ರೂಪ)

ಈ ಸಲದ ಮಾತು ಶುರುವಾಗೋದು ಒಂದು ಫೋನ್ ಕಾಲ್‌ನಿಂದ. ನಾನು ಆಗ ಕೊಪ್ಪದಲ್ಲಿ ಒಂದು ಸಹಕಾರ ಸಂಘದ ಲೆಕ್ಕಪತ್ರ ನೋಡ್ಕೊಳ್ತಿದ್ದೆ. ಸಂಘಕ್ಕೆ ಶೃಂಗೇರಿ ಮತ್ತು ನರಸಿಂಹರಾಜಪುರದಲ್ಲೂ ಶಾಖೆ ಇತ್ತು. ಮಾರ್ಚ್ ತಿಂಗಳ ಒಂದು ಸಂಜೆ ಎನ್.ಆರ್. ಪುರ ಶಾಖೆಯ ವಾಚ್‌ಮನ್ ಫೋನ್ ಮಾಡಿದರು. "ಸಾರ್, ಪಿಎಫ್ ಪಾಸ್‌ಬುಕ್ಕಲ್ಲಿ ಡಿಸೆಂಬರ್ ಆದ್ಮೇಲೆ ಏನೂ ಬಂದಿಲ್ಲ. ಸಂಬಳದಲ್ಲಿ ಮಾತ್ರ ಕಟ್ ಆಗಿದೆ. ಏಜೆನ್ಸಿ ಬಿಟ್ಟು ಹೋಗ್ತಿದೆ ಅಂತಾರಲ್ಲ, ಇನ್ನು ಯಾರನ್ನ ಕೇಳೋದು?"

ಅವರು ಕೇಳಿದ್ದು ಸರಿಯಾದ ಪ್ರಶ್ನೆ. ಸರಿಯಾದ ಹೊತ್ತಿಗೂ ಕೇಳಿದ್ದರು. ಒಂದು ತಿಂಗಳು ತಡವಾಗಿದ್ದರೆ ನನ್ನ ಕೈಯಲ್ಲಿ ಏನೂ ಇರ್ತಿರಲಿಲ್ಲ.

ಆ ಏಜೆನ್ಸಿಯ ಹೆಸರು ಇಲ್ಲಿ ಬೇಡ. ಮೂರೂ ಕಡೆ ಸೇರಿ ಅವರು ಕೊಟ್ಟ ಹನ್ನೊಂದು ಜನ ನಮ್ಮಲ್ಲಿದ್ದರು: ವಾಚ್‌ಮನ್, ಡಾಟಾ ಎಂಟ್ರಿ ಮಾಡೋರು, ಗೋದಾಮಿನ ಹಮಾಲರು. ಸೇವೆ ಸರಿ ಇಲ್ಲ ಅಂತ ಆಡಳಿತ ಮಂಡಳಿ ಒಪ್ಪಂದ ಮುಗಿಸೋಕೆ ತೀರ್ಮಾನಿಸಿ 30 ದಿನದ ನೋಟಿಸ್ ಕೊಟ್ಟಿತ್ತು. ಮಾರ್ಚ್ 31ಕ್ಕೆ ಅವರು ಹೊರಗೆ, ಏಪ್ರಿಲ್ 1ಕ್ಕೆ ಹೊಸಬರು ಒಳಗೆ. ನೋಟಿಸ್ ಕಳಿಸಿದ ಮೇಲೆ ಎಲ್ಲ ಮುಗೀತು ಅಂತ ನಾವು ಅಂದ್ಕೊಂಡಿದ್ದೆವು. ಅಲ್ಲೇ ತಪ್ಪಿದ್ದು.

ಪಿಎಫ್ ಹಣ ಯಾವಾಗ ಕಟ್ಟಬೇಕು ಅನ್ನೋದನ್ನ ಮೊದಲು ನೋಡಿ. ಜನವರಿ ಸಂಬಳದ ಪಿಎಫ್ ಕಟ್ಟೋಕೆ ಫೆಬ್ರವರಿ 15 ಕೊನೆ ದಿನ. ಫೆಬ್ರವರಿಯದ್ದಕ್ಕೆ ಮಾರ್ಚ್ 15. ಮಾರ್ಚ್‌ನದ್ದಕ್ಕೆ ಏಪ್ರಿಲ್ 15. ಅಂದ್ರೆ ಕೊನೆ ತಿಂಗಳ ಪಿಎಫ್ ಬಾಕಿ ಬೀಳೋದೇ ಏಜೆನ್ಸಿ ಊರು ಬಿಟ್ಟ ಮೇಲೆ. ಇಎಸ್‌ಐಗೂ 15ನೇ ತಾರೀಖೇ. ಇನ್ನು ಬೋನಸ್ ವಿಷಯ ಕೇಳಿದ್ರೆ ನಗು ಬರುತ್ತೆ: ಮಾರ್ಚ್‌ಗೆ ವರ್ಷ ಮುಗಿದರೆ, ಕೊಡೋಕೆ ನವೆಂಬರ್ 30ರವರೆಗೆ ಟೈಮ್ ಇದೆ. ಅಷ್ಟೊತ್ತಿಗೆ ಹಳೇ ಏಜೆನ್ಸಿಯ ಮ್ಯಾನೇಜರ್ ನಿಮ್ಮ ನಂಬರ್ ಬ್ಲಾಕ್ ಮಾಡಿರ್ತಾರೆ.

ಇನ್ನೂ ಒಂದು ವಿಷಯ ನಮ್ಮ ಕಡೆಯದ್ದೇ. ಜನವರಿ, ಫೆಬ್ರವರಿ ಎರಡೂ ಬಿಲ್ ನಾವು ಪಾಸ್ ಮಾಡಿಬಿಟ್ಟಿದ್ದೆವು. ಬಿಲ್ ಜೊತೆ ಪಿಎಫ್ ಚಲನ್ ಇರಬೇಕು ಅಂತ ಒಪ್ಪಂದದಲ್ಲೇ ಇತ್ತು, ಚಲನ್ ಇತ್ತು ಕೂಡ. ಆದ್ರೆ ಎರಡು ಬಿಲ್‌ಗೂ ಇದ್ದದ್ದು ಡಿಸೆಂಬರ್‌ನ ಅದೇ ಚಲನ್ ಮಾರಾಯ್ರೆ. ನೂರಾರು ಜನರ ಒಟ್ಟು ಮೊತ್ತ, ಬ್ಯಾಂಕ್ ಸೀಲ್ ಥರ ಏನೋ ಒಂದು, ಯಾರೂ ತಿಂಗಳು ಓದಿರಲಿಲ್ಲ.

ಹಾಗಾಗಿ ಚಲನ್ ಅಷ್ಟೇ ನೋಡಿದರೆ ಸಾಲದು. ಅದರ ಹಿಂದೆ ಇಸಿಆರ್ ಅಂತ ಒಂದು ಪಟ್ಟಿ ಇರುತ್ತೆ. ಅದರಲ್ಲಿ ಪ್ರತಿಯೊಬ್ಬರ ಹೆಸರು, ಯುಎಎನ್ ನಂಬರ್, ಸಂಬಳ, ಕಟ್ಟಿದ ಹಣ ಸಾಲಾಗಿ ಇರುತ್ತೆ. ಚಲನ್‌ನಲ್ಲಿರೋ TRRN ನಂಬರ್ ಪ್ರತಿ ತಿಂಗಳೂ ಬೇರೆ ಆಗಿರಬೇಕು. ನಿಮ್ಮ ಹನ್ನೊಂದು ಜನರ ಹೆಸರು ಆ ಪಟ್ಟಿಯಲ್ಲಿ ಇರಬೇಕು. ಕೊನೆಗೆ NCP Days ಅನ್ನೋ ಕಾಲಂ ನೋಡಿ. ಸಂಬಳ ಇಲ್ಲದ ದಿನ ಅಂತ ಅದರ ಅರ್ಥ. ಶೃಂಗೇರಿ ಶಾಖೆಯ ಒಬ್ಬ ಹುಡುಗಿ ತಿಂಗಳು ಪೂರ್ತಿ ಕೆಲಸ ಮಾಡಿದ್ದಳು, ನಾವು ಪೂರ್ತಿ ಬಿಲ್ ಕೊಟ್ಟಿದ್ದೆವು. ಆದರೆ ಆ ಕಾಲಂನಲ್ಲಿ 10 ಅಂತ ಇತ್ತು. ಹತ್ತು ದಿನ ಬಂದೇ ಇಲ್ಲ ಅಂತ ತೋರಿಸಿ ಮೂರರಲ್ಲಿ ಒಂದು ಪಾಲು ಪಿಎಫ್ ಉಳಿಸಿಕೊಂಡಿದ್ದರು. ಹಾಜರಿ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ನೋಡಿದಾಗ ಮಾತ್ರ ಇದು ಗೊತ್ತಾಗೋದು.

ಈಗ ಹಣದ ಲೆಕ್ಕ. ಸುಲಭ ಆಗ್ಲಿ ಅಂತ ಎಲ್ಲರಿಗೂ 15,000 ಸಂಬಳ ಅಂತ ಇಟ್ಕೊಳ್ಳಿ. ಪಿಎಫ್‌ಗೆ ನೌಕರರಿಂದ 1,800, ಮಾಲೀಕರ ಕಡೆಯಿಂದ 1,800, ವಿಮೆ ಮತ್ತು ಆಡಳಿತ ಶುಲ್ಕ ಸೇರಿ 150. ಒಟ್ಟು 3,750. ಇಎಸ್‌ಐಗೆ ಎರಡೂ ಕಡೆಯದ್ದು ಸೇರಿ ಸುಮಾರು 600. ಅಂದ್ರೆ ತಲಾ ತಿಂಗಳಿಗೆ 4,350 ಹತ್ತಿರ. ಹನ್ನೊಂದು ಜನ, ಎರಡು ತಿಂಗಳು: ಸುಮಾರು 95,700. ಮಾರ್ಚ್ ಕೂಡ ಸೇರಿಸಿದರೆ 1,43,550. ನಮ್ಮ ಹತ್ರ ಇದ್ದ ಭದ್ರತಾ ಠೇವಣಿ ವರ್ಷದ ಒಪ್ಪಂದದ ಶೇ. 5, ಅಂದ್ರೆ 1,15,000. ಮೂರು ತಿಂಗಳ ಬಾಕಿಗೆ ಸಾಲದು.

ನಮ್ಮನ್ನು ಉಳಿಸಿದ್ದು ಮಾರ್ಚ್ ಬಿಲ್. ಅದು ಇನ್ನೂ ನಮ್ಮ ಮೇಜಿನ ಮೇಲೇ ಇತ್ತು. ಏಜೆನ್ಸಿಯ ಸೇವಾ ಶುಲ್ಕ ಬಿಟ್ಟು 1,91,800. ಅದರಿಂದ ಮೊದಲು ಹನ್ನೊಂದು ಜನರಿಗೂ ಕೈಗೆ ಬರಬೇಕಾದ ಮಾರ್ಚ್ ಸಂಬಳವನ್ನ ನಾವೇ ನೇರ ಅವರ ಖಾತೆಗೆ ಹಾಕಿದೆವು, ಸುಮಾರು 1,43,950. ಉಳಿದ 47,850 ಮಾರ್ಚ್‌ನ ಪಿಎಫ್, ಇಎಸ್‌ಐಗೆ ಸರಿಯಾಗುತ್ತೆ. ಜನವರಿ, ಫೆಬ್ರವರಿಗೆ ಠೇವಣಿ.

"ಬಿಲ್ ತಡೆದರೆ ಸಂಬಳ ಕೊಡಲ್ಲ" ಅಂತ ಏಜೆನ್ಸಿ ಹೆದರಿಸೋದು ಮಾಮೂಲಿ. ಬಹಳ ಆಫೀಸಿನವರು ಅಲ್ಲಿಗೇ ಸೋತು ಪೂರ್ತಿ ಬಿಲ್ ಬಿಟ್ಟುಬಿಡ್ತಾರೆ. ಆದರೆ ಗುತ್ತಿಗೆದಾರ ಸಂಬಳ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಸಂಸ್ಥೆ ತಾನೇ ಕೊಟ್ಟು ಗುತ್ತಿಗೆದಾರನ ಬಾಕಿಯಲ್ಲಿ ಕಳೆಯಬಹುದು. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲಿ ಇದು ಇತ್ತು. 2025ರ ನವೆಂಬರ್ 21ರಿಂದ ಜಾರಿಯಾದ ಹೊಸ ಕಾರ್ಮಿಕ ಸಂಹಿತೆಗಳಲ್ಲೂ ಇದೆ. ಪಿಎಫ್ ಯೋಜನೆಯೂ ಹಾಗೇ: ಗುತ್ತಿಗೆದಾರ ಕಟ್ಟದಿದ್ದರೆ ಪಿಎಫ್ ಆಫೀಸು ನಿಮ್ಮ ಬಾಗಿಲನ್ನೂ ತಟ್ಟಬಹುದು. ತಡವಾದ ಹಣಕ್ಕೆ ವರ್ಷಕ್ಕೆ ಶೇ. 12 ಬಡ್ಡಿ, ಅದರ ಮೇಲೆ ದಂಡ. ಹಾಗಾಗಿ ಬಿಲ್ ತಡೆಯೋದು ದರ್ಪ ಅಲ್ಲ, ನಾಳೆ ನೀವೇ ಎರಡನೇ ಸಲ ಕಟ್ಟಬೇಕಾಗಿ ಬರೋ ಹಣವನ್ನ ಕಾಯ್ದಿಟ್ಟುಕೊಳ್ಳೋದು.

ಒಂದು ತೊಡಕಿದೆ. ಹಳೇ ಏಜೆನ್ಸಿಯ ಕೋಡ್‌ನಲ್ಲಿ ಇಸಿಆರ್ ಹಾಕೋಕೆ ಅವರ ಲಾಗಿನ್ನೇ ಬೇಕು. ನಮ್ಮ ಹತ್ರ ಹಣ ಇದ್ರೂ ನಾವೇ ಹೋಗಿ ಕಟ್ಟಿಬರೋ ಹಾಗಿಲ್ಲ. ಏಜೆನ್ಸಿಯವರು "ಮೊದಲು ಹಣ ಬಿಡಿ, ಆಮೇಲೆ ಕಟ್ತೀವಿ" ಅಂದ್ರು. ನಾವು "ಮೊದಲು ಕಟ್ಟಿ" ಅಂದೆವು. ಎರಡು ವಾರ ಹೀಗೇ ಹೋಯ್ತು. ಕೊನೆಗೆ ಅವರ ಹುಡುಗ ಲ್ಯಾಪ್‌ಟಾಪ್ ತಗೊಂಡು ಕೊಪ್ಪದ ಆಫೀಸಿಗೇ ಬಂದು ಕೂತ. ಜನವರಿಯ ಇಸಿಆರ್ ಹಾಕಿ ಚಲನ್ ತೆಗೆದ, ಅಷ್ಟೇ ಮೊತ್ತ ನಾವು ಠೇವಣಿಯಿಂದ ಬಿಟ್ಟೆವು, ನಮ್ಮೆದುರೇ ಪಾವತಿ ಮಾಡಿದ. ಆಮೇಲೆ ಫೆಬ್ರವರಿ, ಆಮೇಲೆ ಮಾರ್ಚ್. ಮಧ್ಯೆ ಕರೆಂಟು ಹೋಯ್ತು, ಮಲೆನಾಡಲ್ವಾ. ಆದರೂ ಸಂಜೆಯೊಳಗೆ ಮುಗೀತು. ಶೃಂಗೇರಿ ಹುಡುಗಿಯ ಹತ್ತು ದಿನದ್ದನ್ನೂ ಬೇರೆಯಾಗಿ ಕಟ್ಟಿಸಿದೆವು. ಅವರು ಬರದೇ ಹೋಗಿದ್ದರೆ ಚಿಕ್ಕಮಗಳೂರಿನ ಪಿಎಫ್ ಪ್ರಾದೇಶಿಕ ಕಚೇರಿಗೆ ಹೋಗಿ, ಹೆಸರು ಮತ್ತು ತಿಂಗಳುವಾರು ಪಟ್ಟಿ ಕೊಟ್ಟು ದೂರು ಬರೆಯೋದೊಂದೇ ದಾರಿ ಉಳೀತಿತ್ತು. ಅದಕ್ಕೆ ಪತ್ರ ರೆಡಿ ಮಾಡಿಟ್ಟಿದ್ದೆ. ಆ ಪತ್ರದ ನಕಲು ವಾಟ್ಸಾಪ್ ಮಾಡಿದ ಮರುದಿನವೇ ಹುಡುಗ ಬಂದಿದ್ದು ಅಂತ ನನ್ನ ಗುಮಾನಿ.

ಇನ್ನು ಜನರ ಮಾತು. ನೀವೇ ಔಟ್‌ಸೋರ್ಸ್ ಕೆಲಸದಲ್ಲಿದ್ದರೆ ಇದನ್ನ ಸ್ವಲ್ಪ ಗಮನ ಇಟ್ಟು ಕೇಳಿ. ಹೊಸ ಏಜೆನ್ಸಿ ಸೇರುವಾಗ ಫಾರಂ 11ರಲ್ಲಿ ಹಳೇ ಯುಎಎನ್ ನಂಬರನ್ನೇ ಬರೀರಿ, ಇಎಸ್‌ಐನಲ್ಲೂ ಹಳೇ ವಿಮಾ ನಂಬರನ್ನೇ ಕೊಡಿ. "ಹೊಸದು ಮಾಡಿಸೋಣ, ಬೇಗ ಆಗುತ್ತೆ" ಅಂತಾರೆ, ಒಪ್ಪಬೇಡಿ. ಪಿಎಫ್ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಎರಡು ವರ್ಷಕ್ಕೊಮ್ಮೆ ಏಜೆನ್ಸಿ ಬದಲಾಗೋ ಕೆಲಸದಲ್ಲಿ ನಂಬರ್ ತುಂಡಾದರೆ ಹತ್ತು ವರ್ಷ ತೋರಿಸೋದು ತಲೆನೋವಿನ ಕೆಲಸ.

ಹಳೇ ಏಜೆನ್ಸಿ ನಿಮ್ಮ ಬಿಟ್ಟ ದಿನಾಂಕವನ್ನ ಪೋರ್ಟಲ್‌ನಲ್ಲಿ ಹಾಕಬೇಕು. ಹಾಕದಿದ್ದರೆ ಹಳೇ ಹಣ ಹೊಸ ಖಾತೆಗೆ ಬರೋದು ನಿಲ್ಲುತ್ತೆ. ಕೊನೆ ಕಂತು ಬಿದ್ದು ಎರಡು ತಿಂಗಳಾದ ಮೇಲೆ ನೀವೇ ಲಾಗಿನ್ ಆಗಿ Manage ಒಳಗೆ Mark Exit ಒತ್ತಿ ಹಾಕ್ಕೊಳ್ಳಬಹುದು. ಅದಕ್ಕೆ ಆಧಾರ್‌ಗೆ ಜೋಡಿಸಿದ ಮೊಬೈಲ್ ಚಾಲ್ತಿಯಲ್ಲಿರಬೇಕು.

ಹೋಗುವಾಗ ಏಜೆನ್ಸಿಯವರು ಒಂದು ಹಾಳೆ ಕೊಟ್ಟು "ಯಾವ ಬಾಕಿಯೂ ಇಲ್ಲ" ಅಂತ ಸಹಿ ಹಾಕಿಸ್ಕೋತಾರೆ. ನಮ್ಮ ಹಮಾಲರಿಬ್ಬರು ಓದದೇ ಹಾಕಿದ್ದರು. ಪಾಸ್‌ಬುಕ್ಕಲ್ಲಿ ಕೊನೆ ತಿಂಗಳು ಕಾಣೋವರೆಗೆ ಸಹಿ ಹಾಕಬೇಡಿ. ನೋಡೋದು ಕಷ್ಟ ಅಲ್ಲ: ಯುಎಎನ್‌ಗೆ ಜೋಡಿಸಿದ ನಂಬರಿನಿಂದ 7738299899ಕ್ಕೆ ಹೀಗೆ ಎಸ್ಸೆಮ್ಮೆಸ್ ಕಳಿಸಿದರೆ ಕೊನೆ ಕಂತಿನ ವಿವರ ಕನ್ನಡದಲ್ಲೇ ಬರುತ್ತೆ.

```
EPFOHO UAN KAN
```

ಇದು ನಮ್ಮ ಸಂಘದ ಕಥೆ ಮಾತ್ರ ಅಲ್ಲ. 2017-18ರ ಹೊತ್ತಿಗೆ ಸರ್ಕಾರ ಪೌರಕಾರ್ಮಿಕರ ಗುತ್ತಿಗೆ ಪದ್ಧತಿ ಕೈಬಿಟ್ಟು ನೇರ ಪಾವತಿಗೆ ತಂದಾಗ, ಬೆಂಗಳೂರಲ್ಲಿ ಗುತ್ತಿಗೆದಾರರ ಕಾಲದ ಪಿಎಫ್ ಬಾಕಿಯ ಜಗಳ ವರ್ಷಗಟ್ಟಲೆ ನಡೀತು. ಗುತ್ತಿಗೆದಾರರು ಹೋದರು, ದಾಖಲೆಯೂ ಅವರ ಜೊತೆ ಹೋಯ್ತು. ಕೊಪ್ಪ, ಶೃಂಗೇರಿ, ಎನ್.ಆರ್. ಪುರ ಮೂರೂ ಪಟ್ಟಣ ಪಂಚಾಯಿತಿ ಇರುವ ಊರುಗಳು. ಅಂಥ ಕಡೆ ಕೆಲಸ ಮಾಡೋ ಗೆಳೆಯರಿದ್ದರೆ ಈ ಸಂಚಿಕೆ ಕಳಿಸಿ.

ಬೋನಸ್ ಏನಾಯ್ತು ಅಂತ ಕೇಳ್ತೀರಿ. ಅದರಲ್ಲಿ ನಾವು ಸೋತೆವು. ಠೇವಣಿಯಲ್ಲಿ ಉಳಿದದ್ದು ಸುಮಾರು 19,000. ವರ್ಷದ ಕನಿಷ್ಠ ಬೋನಸ್ ಶೇ. 8.33, ತಿಂಗಳಿಗೆ 7,000ದ ಲೆಕ್ಕ ಹಿಡಿದರೂ ತಲಾ ಸುಮಾರು 7,000. ಹನ್ನೊಂದು ಜನಕ್ಕೆ 77,000. ನವೆಂಬರ್ ಬಂದಾಗ ಏಜೆನ್ಸಿ ಫೋನ್ ಎತ್ತಲಿಲ್ಲ. ಕೊನೆಗೆ ಮಂಡಳಿ ಒಂದು ನಿರ್ಣಯ ಮಾಡಿ ಸಂಘದ ಹಣದಲ್ಲೇ ಕೊಟ್ಟಿತು, ವಸೂಲಿಗೆ ಏಜೆನ್ಸಿಗೆ ನೋಟಿಸ್ ಹೋಯ್ತು. ಉತ್ತರ ಬರಲಿಲ್ಲ. ಹೊಸ ಏಜೆನ್ಸಿಯ ಒಪ್ಪಂದದಲ್ಲಿ ನಾನು ಹಟ ಹಿಡಿದು ಒಂದು ಸಾಲು ಬರೆಸಿದೆ: ಬೋನಸ್‌ನ ಹಣವನ್ನ ತಿಂಗಳ ಬಿಲ್‌ನಲ್ಲಿ ಕೊಡೋದಿಲ್ಲ, ನೌಕರರ ಖಾತೆಗೆ ಹಾಕಿದ ಪುರಾವೆ ತಂದ ಮೇಲೆ ಕೊಡ್ತೀವಿ. ಹೊಸ ಮ್ಯಾನೇಜರ್ ಮುಖ ಸಿಂಡರಿಸಿಕೊಂಡೇ ಸಹಿ ಹಾಕಿದರು.